ಐದು ಪ್ರಶ್ನೆ, ಒಂದು ಹಾಳೆ: ನಿಮಿರುವಿಕೆಯ ತೊಂದರೆಯನ್ನು ಮನೆಯಲ್ಲೇ ಅಳೆಯುವುದು ಹೇಗೆ

ಯೂರಾಲಜಿ ವಿಭಾಗದಲ್ಲಿ ಕೌನ್ಸೆಲರ್ ಆಗಿ ಕೂತು ನಾನು ಜಾಸ್ತಿ ಕೇಳಿರುವ ಮಾತು ಒಂದೇ: "ಸಾರ್, ಮೊದಲಿನ ಹಾಗೆ ಇಲ್ಲ." ಎಷ್ಟು ಕಡಿಮೆಯಾಗಿದೆ, ಯಾವಾಗಿಂದ, ಏಳುವುದೇ ಇಲ್ಲವೋ, ಎದ್ದು ಮಧ್ಯದಲ್ಲಿ ಬಿದ್ದುಹೋಗುತ್ತದೋ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅವರಿಗೆ ಗೊತ್ತಿಲ್ಲ ಅಂತಲ್ಲ, ಅದನ್ನು ಹೇಳುವುದಕ್ಕೆ ಮಾತೇ ಸಿಕ್ಕಿರುವುದಿಲ್ಲ. ಅಂಥ ಹೊತ್ತಿಗೆ ಒಂದು ಹಾಳೆ ಕೈಗೆ ಕೊಡುತ್ತೇವೆ. ಅದರಲ್ಲಿ ಐದು ಪ್ರಶ್ನೆ ಇರುತ್ತವೆ, ಒಟ್ಟು 25 ಅಂಕ. ಇದನ್ನು ಮನೆಯಲ್ಲೇ ತುಂಬಬಹುದು. ಆದರೆ ಸರಿಯಾಗಿ ತುಂಬಬೇಕು, ಇಲ್ಲದಿದ್ದರೆ ಆರೋಗ್ಯವಾಗಿರುವವನಿಗೂ "ತೀವ್ರ" ಅಂತ ಬಂದು ನಿದ್ದೆ ಕೆಡುತ್ತದೆ.

ಈ ಹಾಳೆಯ ಹೆಸರು ಐಐಇಎಫ್-5, ಇನ್ನೊಂದು ಹೆಸರು ಶಿಮ್. ಫೋನಿನಲ್ಲಿ ಹುಡುಕುವುದಾದರೆ IIEF-5 ಅಥವಾ SHIM ಅಂತ ಟೈಪ್ ಮಾಡಿ. 1997ರಲ್ಲಿ ಅಮೆರಿಕದ ಸಂಶೋಧಕ ರೇಮಂಡ್ ರೋಸನ್ ಮತ್ತು ಜೊತೆಗಾರರು 15 ಪ್ರಶ್ನೆಗಳ ದೊಡ್ಡ ಪಟ್ಟಿಯನ್ನು ಪ್ರಕಟಿಸಿದ್ದರು. 1999ರಲ್ಲಿ ಅದರಿಂದಲೇ ಈ ಐದನ್ನು ಆರಿಸಿ ಚಿಕ್ಕದು ಮಾಡಿದರು. ತೊಂದರೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಅಂತ ಬೇಗ ತಿಳಿಯುವುದಕ್ಕೆ ಮಾಡಿದ ಹಾಳೆ ಇದು. ತೊಂದರೆ ಯಾಕೆ ಬಂತು ಅಂತ ಇದು ಹೇಳುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ ಅಂದುಕೊಳ್ಳಿ. ಜ್ವರ ಎಷ್ಟಿದೆ ಅಂತ ಗೊತ್ತಾಗುತ್ತದೆ, ಅದು ಡೆಂಗ್ಯೂನೋ ಟೈಫಾಯಿಡೋ ಅಂತ ಗೊತ್ತಾಗುವುದಿಲ್ಲ.

ಕೂರುವ ಮುಂಚೆ

ಒಬ್ಬರೇ ಇರುವ ಹೊತ್ತು ನೋಡಿಕೊಳ್ಳಿ. ಹೆಂಡತಿಯ ಎದುರಿಗೆ ತುಂಬಿದರೆ ಅಂಕ ಮೇಲಕ್ಕೆ ಹೋಗುತ್ತದೆ, ನಿನ್ನೆ ರಾತ್ರಿ ಆಗಲಿಲ್ಲ ಅನ್ನುವ ಬೇಜಾರಿನಲ್ಲಿ ತುಂಬಿದರೆ ಕೆಳಕ್ಕೆ ಹೋಗುತ್ತದೆ. ಎರಡನ್ನೂ ನಾನು ದಿನಾ ನೋಡುತ್ತೇನೆ. ಇನ್ನೊಂದು ಮಾತು, ಪ್ರಶ್ನೆಗಳು ಕೇಳುವುದು ಕಳೆದ ಆರು ತಿಂಗಳ ಬಗ್ಗೆ. ಹೋದ ವಾರದ ಬಗ್ಗೆ ಅಲ್ಲ, ಮದುವೆಯಾದ ಹೊಸತಿನ ಬಗ್ಗೆಯೂ ಅಲ್ಲ. ಹಾಗಾಗಿ ಪೆನ್ನು ಹಿಡಿಯುವ ಮುಂಚೆ ಆ ಆರು ತಿಂಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಯುಗಾದಿ ಹೊತ್ತಿಗೆ ಹೇಗಿತ್ತು, ಆಮೇಲೆ ಮಗಳ ಪರೀಕ್ಷೆ, ಊರ ಜಾತ್ರೆ, ಹೀಗೆ ನಿಮ್ಮ ಮನೆಯ ಘಟನೆಗಳನ್ನು ಹಿಡಿದುಕೊಂಡು ಹೋದರೆ ನೆನಪು ಸರಿಯಾಗಿ ಬರುತ್ತದೆ.

ಐದು ಪ್ರಶ್ನೆಗಳು

ಮೊದಲನೆಯದು ನಂಬಿಕೆಯ ಬಗ್ಗೆ. ನಿಮಿರುವಿಕೆ ಬರುತ್ತದೆ, ಬಂದದ್ದು ನಿಲ್ಲುತ್ತದೆ ಅನ್ನುವ ಭರವಸೆ ನಿಮಗೆ ಎಷ್ಟಿದೆ? ತುಂಬಾ ಕಡಿಮೆ ಅಂದರೆ 1, ಕಡಿಮೆ 2, ಮಧ್ಯಮ 3, ಜಾಸ್ತಿ 4, ತುಂಬಾ ಜಾಸ್ತಿ 5. ಈ ಪ್ರಶ್ನೆಗೆ ಸೊನ್ನೆ ಇಲ್ಲ.

ಎರಡನೆಯದು ಗಟ್ಟಿತನ. ಲೈಂಗಿಕ ಪ್ರಚೋದನೆಯಿಂದ ನಿಮಿರಿದಾಗ, ಒಳಗೆ ಹೋಗುವಷ್ಟು ಗಟ್ಟಿಯಾಗಿ ಎಷ್ಟು ಸಲ ಇತ್ತು? ಹೆಚ್ಚುಕಮ್ಮಿ ಯಾವತ್ತೂ ಇಲ್ಲ ಅಂದರೆ 1, ಅರ್ಧಕ್ಕಿಂತ ತುಂಬಾ ಕಡಿಮೆ ಸಲ ಅಂದರೆ 2, ಸುಮಾರು ಅರ್ಧದಷ್ಟು ಸಲ ಅಂದರೆ 3, ಅರ್ಧಕ್ಕಿಂತ ತುಂಬಾ ಜಾಸ್ತಿ ಅಂದರೆ 4, ಹೆಚ್ಚುಕಮ್ಮಿ ಪ್ರತಿ ಸಲವೂ ಅಂದರೆ 5. ಲೈಂಗಿಕ ಚಟುವಟಿಕೆಯೇ ಇರಲಿಲ್ಲ ಅಂದರೆ 0. ಇಲ್ಲಿ ಚಟುವಟಿಕೆ ಅಂದರೆ ಬರೀ ಸಂಭೋಗ ಅಲ್ಲ. ಮುದ್ದಾಟ, ಹಸ್ತಮೈಥುನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೂರನೆಯದು, ಸಂಭೋಗದಲ್ಲಿ ಒಳಗೆ ಹೋದ ಮೇಲೆ ಆ ಗಟ್ಟಿತನ ಎಷ್ಟು ಸಲ ಉಳಿಯಿತು? ಅಂಕಗಳು ಎರಡನೆಯದರ ಹಾಗೆಯೇ.

ನಾಲ್ಕನೆಯದರಲ್ಲಿ ಅಳತೆ ಬೇರೆ. ಎಷ್ಟು ಸಲ ಅಂತಲ್ಲ, ಎಷ್ಟು ಕಷ್ಟ ಅಂತ ಕೇಳುತ್ತಾರೆ. ಸಂಭೋಗ ಮುಗಿಯುವ ತನಕ ನಿಮಿರುವಿಕೆ ಉಳಿಸಿಕೊಳ್ಳುವುದು ವಿಪರೀತ ಕಷ್ಟವಾಗಿದ್ದರೆ 1, ತುಂಬಾ ಕಷ್ಟ 2, ಕಷ್ಟ 3, ಸ್ವಲ್ಪ ಕಷ್ಟ 4, ಕಷ್ಟವೇ ಇಲ್ಲ 5.

ಐದನೆಯದು, ಸಂಭೋಗಕ್ಕೆ ಪ್ರಯತ್ನಿಸಿದಾಗ ಎಷ್ಟು ಸಲ ನಿಮಗೆ ತೃಪ್ತಿ ಸಿಕ್ಕಿತು? ಇದಕ್ಕೂ ಮತ್ತೆ ಎರಡನೆಯದರ ಅಂಕಗಳೇ. ತೃಪ್ತಿ ಅಂದರೆ ನಿಮ್ಮದು. ಹೆಂಡತಿಗೆ ಹೇಗನಿಸಿತು ಅನ್ನುವುದು ಮುಖ್ಯವಾದ ಮಾತೇ, ಆದರೆ ಅದನ್ನು ಅವರ ಹತ್ತಿರವೇ ಕೇಳಬೇಕು, ಈ ಹಾಳೆಯಲ್ಲಿ ಊಹಿಸಿ ಬರೆಯುವುದು ಬೇಡ.

ಮೂರು, ನಾಲ್ಕು, ಐದಕ್ಕೆ ಸೊನ್ನೆ ಅಂದರೆ ಆರು ತಿಂಗಳಲ್ಲಿ ಸಂಭೋಗಕ್ಕೆ ಪ್ರಯತ್ನವನ್ನೇ ಮಾಡಲಿಲ್ಲ ಅಂತ.

ಕೂಡಿಸಿ ನೋಡಿ

ಐದೂ ಅಂಕ ಕೂಡಿಸಿ. 22ರಿಂದ 25 ಬಂದರೆ ನಿಮಿರುವಿಕೆಯ ತೊಂದರೆ ಇಲ್ಲ. 17ರಿಂದ 21 ಸೌಮ್ಯ. 12ರಿಂದ 16 ಸೌಮ್ಯ ಮತ್ತು ಮಧ್ಯಮದ ನಡುವೆ. 8ರಿಂದ 11 ಮಧ್ಯಮ. 7 ಮತ್ತು ಅದಕ್ಕಿಂತ ಕೆಳಗೆ ತೀವ್ರ. ಈ ಗೆರೆಗಳನ್ನು ತುಂಬಾ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. 11 ಬಂದವರಿಗೂ 12 ಬಂದವರಿಗೂ ದೇಹದಲ್ಲಿ ಏನೂ ವ್ಯತ್ಯಾಸ ಇರುವುದಿಲ್ಲ, ಹೆಸರು ಮಾತ್ರ ಬೇರೆ.

ತಪ್ಪಾಗುವುದು ಎಲ್ಲಿ

ಎಲ್ಲಕ್ಕಿಂತ ದೊಡ್ಡ ತಪ್ಪು ಆ ಸೊನ್ನೆಯದು. ಅದು ಎರಡು ಕಡೆಯಿಂದ ಕೆಡುತ್ತದೆ. ಪ್ರಯತ್ನ ಮಾಡಿ ಒಮ್ಮೆಯೂ ಆಗದವರು "ಆಗಲೇ ಇಲ್ಲವಲ್ಲ" ಅಂತ ಸೊನ್ನೆ ಹಾಕುತ್ತಾರೆ. ಅವರು ಹಾಕಬೇಕಾದ್ದು 1. ಪ್ರಯತ್ನವೇ ಮಾಡದವರಿಗೆ ಮಾತ್ರ ಸೊನ್ನೆ. ಇನ್ನೊಂದು ಕಡೆ ನೋಡಿ: ಗಂಡ ದುಬೈಯಲ್ಲಿ ಕೆಲಸಕ್ಕಿದ್ದಾನೆ, ಅಥವಾ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ ಐದಾರು ತಿಂಗಳಾಗಿದೆ. ಇಂಥವರು ಪ್ರಾಮಾಣಿಕವಾಗಿ ತುಂಬಿದರೂ ಮೂರು ಕಡೆ ಸೊನ್ನೆ ಬಂದು ಒಟ್ಟು ಹೆಚ್ಚೆಂದರೆ 10 ಆಗುತ್ತದೆ. ನೋಡಿದರೆ ತೀವ್ರ, ಇಲ್ಲವೇ ಮಧ್ಯಮ. ನಿಜದಲ್ಲಿ ಏನೂ ತೊಂದರೆ ಇಲ್ಲದೆ ಇರಬಹುದು. ಆರು ತಿಂಗಳಲ್ಲಿ ಪ್ರಯತ್ನವೇ ಇಲ್ಲದವರು ಒಟ್ಟು ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಮೊದಲ ಎರಡು ಪ್ರಶ್ನೆಗಳ ಉತ್ತರ ಮಾತ್ರ ಬರೆದಿಟ್ಟುಕೊಳ್ಳಿ, ಬೆಳಗ್ಗೆ ಏಳುವಾಗ ನಿಮಿರುವಿಕೆ ಇರುತ್ತದೆಯೇ ಅಂತ ಗಮನಿಸಿ, ಅದನ್ನೇ ಡಾಕ್ಟರಿಗೆ ಹೇಳಿ. ಆದರೆ ಸೋಲುತ್ತೇನೆ ಅನ್ನುವ ಭಯಕ್ಕೇ ಆರು ತಿಂಗಳು ಹತ್ತಿರ ಹೋಗದೆ ಇದ್ದಿರಾ? ಆಗ ಆ ಸೊನ್ನೆಗೆ ಅರ್ಥ ಇದೆ. ಪಕ್ಕದಲ್ಲಿ "ಭಯದಿಂದ" ಅಂತ ಒಂದು ಪದ ಬರೆದಿಡಿ. ಕೂಡಿಸಿದ ಅಂಕ ಒಂದೇ ಇದ್ದರೂ ಈ ಇಬ್ಬರ ಕಥೆ ಪೂರ್ತಿ ಬೇರೆ.

ಎರಡನೆಯ ಗೊಂದಲ ನಮ್ಮ ಕಡೆ ವಿಪರೀತ ಜಾಸ್ತಿ, ಶೀಘ್ರ ಸ್ಖಲನದ್ದು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ನರ ದೌರ್ಬಲ್ಯ, ಧಾತು ನಷ್ಟ, ಗುಪ್ತರೋಗ ಅಂತ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬರೆದು ಬರೆದು, ಬೇಗ ವೀರ್ಯ ಹೋಗುವುದೂ ಗಟ್ಟಿಯಾಗದೆ ಇರುವುದೂ ಒಂದೇ ಅಂತ ಜನ ತಿಳಿದುಕೊಂಡಿದ್ದಾರೆ. ಸ್ಖಲನ ಆದ ಮೇಲೆ ಶಿಶ್ನ ಮೆತ್ತಗಾಗುವುದು ಸಹಜ, ಎಲ್ಲ ಗಂಡಸರಿಗೂ ಹಾಗೇ. ಅದನ್ನು ಮೂರನೆಯ ಪ್ರಶ್ನೆಯಲ್ಲಿ "ಉಳಿಯಲಿಲ್ಲ" ಅಂತ ಎಣಿಸಬೇಡಿ. ಸ್ಖಲನಕ್ಕೆ ಮುಂಚೆಯೇ ಬಿದ್ದುಹೋಯಿತಾ ಅಂತ ಮಾತ್ರ ನೋಡಿ. ಹಾಗೆ ಬೀಳುವುದಿಲ್ಲ, ಒಂದು ನಿಮಿಷದಲ್ಲೇ ಮುಗಿದುಹೋಗುತ್ತದೆ ಅಷ್ಟೇ ಅನ್ನುವುದಾದರೆ ನಿಮ್ಮ ತೊಂದರೆಗೆ ಚಿಕಿತ್ಸೆ ಬೇರೆ, ಅದನ್ನು ಅಳೆಯುವುದು ಈ ಹಾಳೆಯ ಕೆಲಸ ಅಲ್ಲ. ಆದರೆ ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ. ಎಲ್ಲಿ ಬಿದ್ದುಹೋಗುತ್ತದೋ ಅಂತ ಹೆದರಿ ಗಡಿಬಿಡಿಯಲ್ಲಿ ಮುಗಿಸುವವರು ಇದ್ದಾರೆ. ಅವರ ಮೂಲ ತೊಂದರೆ ಗಟ್ಟಿತನದ್ದೇ.

ಒಬ್ಬರ ಹಾಳೆ ತೆಗೆದು ನೋಡೋಣ

ತುಮಕೂರು ಕಡೆಯ ಒಬ್ಬ ಅಂಗಡಿಯವರು ಅಂತಿಟ್ಟುಕೊಳ್ಳಿ. ನಾನು ನೋಡಿದ ಹಲವರನ್ನು ಸೇರಿಸಿ ಇವರನ್ನು ಮಾಡಿದ್ದೇನೆ. ವಯಸ್ಸು 49, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲ ಸಲ ತುಂಬಿದಾಗ ಅವರು ಬರೆದದ್ದು 3, 3, 2, 4, 2. ಒಟ್ಟು 14. ನಾಲ್ಕನೆಯದಕ್ಕೆ 4 ಅಂದರೆ ಸ್ವಲ್ಪವೇ ಕಷ್ಟ. ಮೂರನೆಯದಕ್ಕೆ 2 ಅಂದರೆ ಒಳಗೆ ಹೋದ ಮೇಲೆ ಉಳಿಯುವುದೇ ಅಪರೂಪ. ಎರಡೂ ಹೊಂದುವುದಿಲ್ಲ, ಅಲ್ವಾ? ಕೇಳಿದರೆ, "ಬೀಳುವುದರೊಳಗೆ ಬೇಗ ಮುಗಿಸಿಬಿಡ್ತೀನಿ ಸಾರ್, ಅದಕ್ಕೆ ಕಷ್ಟ ಇಲ್ಲ ಅಂತ ಹಾಕಿದೆ" ಅಂದರು. ಬೀಳುತ್ತದೆ ಅಂತ ಓಡುವುದೇ ಕಷ್ಟ, ಹಾಗಾಗಿ ಅದು 2 ಆಯಿತು. ಮೊದಲನೆಯದನ್ನೂ ಇನ್ನೊಮ್ಮೆ ಓದಿ, ಮುಜುಗರ ಬಿಟ್ಟು 2 ಮಾಡಿದರು. ಈಗ 2, 3, 2, 2, 2. ಒಟ್ಟು 11, ಮಧ್ಯಮ. ನೀವೂ ತುಂಬಿದ ಮೇಲೆ ಮೂರು ಮತ್ತು ನಾಲ್ಕನೆಯ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವೆರಡರ ನಡುವೆ ಎರಡು ಅಂಕ ಅಥವಾ ಜಾಸ್ತಿ ಅಂತರ ಇದ್ದರೆ ಎಲ್ಲೋ ಪ್ರಶ್ನೆ ಬೇರೆ ರೀತಿ ಅರ್ಥವಾಗಿರಬಹುದು.

ಪ್ರಗತಿ ನೋಡುವುದಕ್ಕೆ ಬೇರೆ ಕ್ರಮ ಬೇಕು

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಚಿಕಿತ್ಸೆ ಶುರುವಾಗಿ ಒಂದು ತಿಂಗಳಿಗೆ ಅದೇ ಹಾಳೆಯನ್ನು ಮತ್ತೆ ತುಂಬುತ್ತಾರೆ. ಆದರೆ ಪ್ರಶ್ನೆ ಕೇಳುವುದು ಆರು ತಿಂಗಳ ಬಗ್ಗೆ. ಅದರಲ್ಲಿ ಐದು ತಿಂಗಳು ಮಾತ್ರೆ ಇಲ್ಲದೆ ಇದ್ದ ಹಳೆಯ ಕಥೆ, ಒಂದು ತಿಂಗಳು ಮಾತ್ರ ಹೊಸದು. ಗೆಲುವು ಇದ್ದರೂ ಕಾಣುವುದಿಲ್ಲ. "ಏನೂ ಉಪಯೋಗ ಆಗಲಿಲ್ಲ" ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ.

15 ಪ್ರಶ್ನೆಯ ದೊಡ್ಡ ಪಟ್ಟಿ ಕೇಳುವುದು ನಾಲ್ಕು ವಾರಗಳ ಬಗ್ಗೆ. ನಾನು ಹೇಳುವ ಕ್ರಮ ಅಲ್ಲಿಂದ ಬಂದದ್ದು. ಎರಡು ಹಾಳೆ ಇಟ್ಟುಕೊಳ್ಳಿ. ಒಂದು ಆರು ತಿಂಗಳ ಹಾಳೆ, ಶುರುವಿನಲ್ಲಿ ಒಮ್ಮೆ, ಮತ್ತೆ ಆರು ತಿಂಗಳಾದ ಮೇಲೆ ಒಮ್ಮೆ. ಸೌಮ್ಯ, ಮಧ್ಯಮ ಅನ್ನುವ ಹೆಸರುಗಳು ಇದಕ್ಕೆ ಸೇರಿದ್ದು. ಇನ್ನೊಂದು ನಾಲ್ಕು ವಾರದ ಹಾಳೆ, ಪ್ರಶ್ನೆಗಳು ಅವೇ, "ಕಳೆದ ನಾಲ್ಕು ವಾರದಲ್ಲಿ" ಅಂತ ಓದಿಕೊಳ್ಳಬೇಕು. ಇದು ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸುವುದಕ್ಕೆ. ಇದರ ಅಂಕವನ್ನು ಡಾಕ್ಟರಿಗೆ ತೋರಿಸುವಾಗ "ಇದು ನಾಲ್ಕು ವಾರದ್ದು" ಅಂತ ಹೇಳಲೇಬೇಕು. ಸಾಧ್ಯವಾದರೆ ಚಿಕಿತ್ಸೆಗೆ ಮುಂಚೆಯೇ ಒಂದು ನಾಲ್ಕು ವಾರದ ಹಾಳೆ ತುಂಬಿಡಿ, ಇಲ್ಲದಿದ್ದರೆ ಆಮೇಲೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ. ಎರಡರಲ್ಲೂ ಪ್ರಶ್ನೆಯ ಮಾತು ಬದಲಿಸಬೇಡಿ. ಹೊಸದು ತುಂಬುವಾಗ ಹಳೆಯದನ್ನು ನೋಡಬೇಡಿ.

ನೆನಪಿನ ಮೇಲೆ ತುಂಬುವುದಕ್ಕಿಂತ ಚಿಕ್ಕ ಲೆಕ್ಕ ಇಟ್ಟರೆ ಒಳ್ಳೆಯದು. ಪ್ರತಿ ಪ್ರಯತ್ನದ ಮಾರನೆಯ ದಿನ ಒಂದು ಸಾಲು ಸಾಕು: ತಾರೀಕು, ಒಳಗೆ ಹೋಯಿತಾ, ಕೊನೆ ತನಕ ಉಳಿಯಿತಾ, ತೃಪ್ತಿ ಇತ್ತಾ, ಮಾತ್ರೆ ತೆಗೆದುಕೊಂಡಿದ್ದರೆ ಯಾವಾಗ, ಊಟ ಯಾವಾಗ. ಇದರ ಜೊತೆ ಗಟ್ಟಿತನಕ್ಕೆ ಒಂದು ಅಂಕ ಹಾಕಿ. ದೊಡ್ಡದಾಯಿತು, ಗಟ್ಟಿಯಾಗಲಿಲ್ಲ ಅಂದರೆ 1. ಗಟ್ಟಿ, ಆದರೆ ಒಳಗೆ ಹೋಗುವಷ್ಟಿಲ್ಲ ಅಂದರೆ 2. ಒಳಗೆ ಹೋಗುವಷ್ಟಿದೆ, ಪೂರ್ತಿ ಇಲ್ಲ ಅಂದರೆ 3. ಪೂರ್ತಿ ಗಟ್ಟಿ ಅಂದರೆ 4. ಇದೂ ಡಾಕ್ಟರುಗಳು ಬಳಸುವ ಅಳತೆಯೇ. ಹೆಂಡತಿ ಜೊತೆಗಿಲ್ಲದ ದಿನಗಳಲ್ಲಿ ಬೆಳಗಿನ ನಿಮಿರುವಿಕೆಗೂ ಈ ಅಂಕ ಹಾಕಬಹುದು. ಬೆಳಗ್ಗೆ ಪೂರ್ತಿ ಗಟ್ಟಿ ಇದ್ದು ರಾತ್ರಿ ಮಾತ್ರ ಆಗುತ್ತಿಲ್ಲ ಅನ್ನುವುದು ಡಾಕ್ಟರಿಗೆ ತುಂಬಾ ಉಪಯೋಗದ ಮಾಹಿತಿ. ರಕ್ತನಾಳ, ನರಗಳಿಗಿಂತ ಮನಸ್ಸಿನ ಒತ್ತಡದ ಪಾಲು ಜಾಸ್ತಿ ಇರಬಹುದು ಅಂತ ಅದು ಸೂಚಿಸುತ್ತದೆ.

ನಮ್ಮ ಅಂಗಡಿಯವರ ಲೆಕ್ಕಕ್ಕೆ ಬರೋಣ. ಚಿಕಿತ್ಸೆಗೆ ಮುಂಚಿನ ನಾಲ್ಕು ವಾರದಲ್ಲಿ ಆರು ಪ್ರಯತ್ನ. ಒಳಗೆ ಹೋದದ್ದು ಮೂರು ಸಲ, ಅಂದರೆ ಅರ್ಧ, ಎರಡನೆಯ ಪ್ರಶ್ನೆಗೆ 3. ಆ ಮೂರರಲ್ಲಿ ಉಳಿದದ್ದು ಒಂದು ಸಲ, ಮೂರನೆಯದಕ್ಕೆ 2. ತೃಪ್ತಿ ಆರರಲ್ಲಿ ಒಂದು ಸಲ, ಐದನೆಯದಕ್ಕೆ 2. ಭರವಸೆ 2, ಕಷ್ಟ 2. ಇಲ್ಲೂ 11.

ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆಯ ಔಷಧಿ ಸರಿಮಾಡಿ, ನಿಮಿರುವಿಕೆಗೆ ಸಿಲ್ಡೆನಾಫಿಲ್ ಅನ್ನುವ ಮಾತ್ರೆ ಬರೆದುಕೊಟ್ಟರು. ಮುಂದಿನ ನಾಲ್ಕು ವಾರದ ಹಾಳೆ 2, 3, 3, 3, 2. ಒಟ್ಟು 13. ಎರಡು ಅಂಕ ಏರಿದೆ, ಆದರೆ ಇದನ್ನು ನಾನು ಏರಿಕೆ ಅನ್ನುವುದಿಲ್ಲ. ಆ ತಿಂಗಳು ಪ್ರಯತ್ನ ಆಗಿದ್ದೇ ನಾಲ್ಕು ಸಲ. ನಾಲ್ಕರಲ್ಲಿ ಒಂದು ರಾತ್ರಿ ಆಚೀಚೆ ಆದರೂ ಒಂದೆರಡು ಅಂಕ ಸುಮ್ನೆ ಹೋಗುತ್ತದೆ, ಬರುತ್ತದೆ. 2011ರಲ್ಲಿ ರೋಸನ್ ಅವರ ತಂಡವೇ ಇದನ್ನು ಲೆಕ್ಕ ಹಾಕಿತ್ತು. ದೊಡ್ಡ ಪಟ್ಟಿಯಲ್ಲಿ ನಿಮಿರುವಿಕೆಗೆ ಸೇರಿದ ಭಾಗಕ್ಕೆ 30 ಅಂಕ, ಅದರಲ್ಲಿ ಒಟ್ಟಾರೆ 4 ಅಂಕದಷ್ಟು ಏರಿದಾಗ ಗಂಡಸರಿಗೆ "ಸುಧಾರಿಸಿದೆ" ಅಂತ ಅನುಭವಕ್ಕೆ ಬರುತ್ತದೆ. ತೊಂದರೆ ಸೌಮ್ಯವಾಗಿದ್ದವರಿಗೆ 2 ಸಾಕು, ಮಧ್ಯಮಕ್ಕೆ 5, ತೀವ್ರವಾಗಿದ್ದವರಿಗೆ 7 ಬೇಕು. ಆ ಅಂಕಗಳನ್ನು ನಮ್ಮ 25ರ ಹಾಳೆಗೆ ಹಾಗೇ ತಂದು ಅಂಟಿಸುವಂತಿಲ್ಲ. ಆದರೆ 11ರಲ್ಲಿದ್ದವರು ಎರಡು ಅಂಕಕ್ಕೆ ಖುಷಿಪಡುವುದೂ ಬೇಡ, ಎರಡು ಅಂಕ ಇಳಿದರೆ ಕುಗ್ಗುವುದೂ ಬೇಡ ಅನ್ನುವಷ್ಟನ್ನು ಅದರಿಂದ ಕಲಿಯಬಹುದು.

ಅಂಕಕ್ಕಿಂತ ಅವರ ಸಾಲುಗಳೇ ಜಾಸ್ತಿ ಹೇಳಿದವು. ಎರಡು ರಾತ್ರಿ ಹೊಟ್ಟೆತುಂಬಾ ಬಿರಿಯಾನಿ ಊಟ ಮಾಡಿ, ತಕ್ಷಣ ಮಾತ್ರೆ ನುಂಗಿ, ಹದಿನೈದು ನಿಮಿಷಕ್ಕೆ ಪ್ರಯತ್ನ ಮಾಡಿದ್ದರು. ಸಿಲ್ಡೆನಾಫಿಲ್ ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳುವ ಮಾತ್ರೆ. ಎಣ್ಣೆ, ಕೊಬ್ಬಿನ ಊಟದ ಮೇಲೆ ಬಿದ್ದರೆ ಅದು ಕೆಲಸ ಶುರುಮಾಡುವುದು ಇನ್ನೂ ಒಂದು ಗಂಟೆ ತಡ. ಪ್ರಚೋದನೆ ಇಲ್ಲದೆ ಅದು ತಾನಾಗಿ ಏನೂ ಮಾಡುವುದೂ ಇಲ್ಲ. ಅವರ ಆ ಎರಡು ಸೋಲು ಮಾತ್ರೆಯದ್ದಲ್ಲ. ಡಾಕ್ಟರು ಡೋಸ್ ಬದಲಿಸದೆ ಸಮಯ ಮಾತ್ರ ಬದಲಿಸಲು ಹೇಳಿದರು.

ಮುಂದಿನ ನಾಲ್ಕು ವಾರ, ಏಳು ಪ್ರಯತ್ನ. ಒಳಗೆ ಹೋದದ್ದು ಆರು, ಅದರಲ್ಲಿ ಉಳಿದದ್ದು ನಾಲ್ಕು, ತೃಪ್ತಿ ಏಳರಲ್ಲಿ ನಾಲ್ಕು. ಹಾಳೆ 3, 4, 4, 4, 3. ಒಟ್ಟು 18. ಏಳು ಅಂಕದ ಏರಿಕೆ, ಇದು ನಿಜವಾದದ್ದು. ಒಳಗೆ ಇಳಿದು ನೋಡಿದರೆ ಉಳಿಯುವಿಕೆ ಮತ್ತು ಕಷ್ಟದ ಅಂಕ ಎರಡೆರಡು ಏರಿವೆ, ಭರವಸೆ ಒಂದೇ ಒಂದು. ಇದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ದೇಹ ಮೊದಲು ಸುಧಾರಿಸುತ್ತದೆ, ನಂಬಿಕೆ ಹಿಂದೆ ನಿಧಾನಕ್ಕೆ ಬರುತ್ತದೆ. ಹಾಗಾಗಿ ಒಟ್ಟು ಅಂಕದ ಜೊತೆ ಐದನ್ನೂ ಬಿಡಿಬಿಡಿಯಾಗಿ ಬರೆದಿಡಿ. ಮಿಕ್ಕ ನಾಲ್ಕು ಏರಿ ಮೊದಲನೆಯದು ಮಾತ್ರ ತಿಂಗಳುಗಟ್ಟಲೆ 1 ಅಥವಾ 2ರಲ್ಲೇ ನಿಂತಿದ್ದರೆ ಮಾತ್ರೆ ಜಾಸ್ತಿ ಮಾಡುವುದಕ್ಕಿಂತ ಗಂಡಹೆಂಡತಿ ಇಬ್ಬರೂ ಸೇರಿ ಕೌನ್ಸೆಲಿಂಗಿಗೆ ಬರುವುದು ಒಳ್ಳೆಯದು. ಹಾಳೆಯ ಮೂಲೆಯಲ್ಲಿ "ಮಾತ್ರೆ ಜೊತೆ" ಅಥವಾ "ಮಾತ್ರೆ ಇಲ್ಲದೆ" ಅಂತಲೂ ಬರೆಯಿರಿ. ಎರಡನ್ನೂ ಕಲಸಿದರೆ ಹೋಲಿಕೆಗೆ ಅರ್ಥ ಇರುವುದಿಲ್ಲ.

ಹಾಳೆ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾದದ್ದು

21 ಅಥವಾ ಅದಕ್ಕಿಂತ ಕಡಿಮೆ ಬಂದು, ಪ್ರಯತ್ನಗಳೂ ಇದ್ದರೆ, ಅಂಕ ಎಷ್ಟೇ ಸೌಮ್ಯ ಇರಲಿ, ಒಮ್ಮೆ ತೋರಿಸಿಕೊಳ್ಳಿ. ಇದು ಹಾಸಿಗೆಯ ವಿಷಯಕ್ಕೆ ಮಾತ್ರ ಅಲ್ಲ. ಶಿಶ್ನಕ್ಕೆ ರಕ್ತ ಕೊಡುವ ನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟುವುದು ಎಲ್ಲ ಕಡೆ ಒಟ್ಟಿಗೇ ನಡೆದರೂ ಚಿಕ್ಕ ನಾಳದಲ್ಲಿ ಅದು ಮೊದಲು ಗೊತ್ತಾಗುತ್ತದೆ. ಹೃದಯದ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ನಿಮಿರುವಿಕೆ ಕೈಕೊಟ್ಟಿರುವುದು ಎಷ್ಟೋ ಜನರಲ್ಲಿ ಕಂಡಿದೆ. ಅದಕ್ಕೇ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಬೇಕಾದರೆ ಟೆಸ್ಟೋಸ್ಟೆರಾನ್ ಕೂಡ. ಟೆಸ್ಟೋಸ್ಟೆರಾನಿಗೆ ರಕ್ತ ಬೆಳಗ್ಗೆಯೇ ಕೊಡಬೇಕು, ಮಧ್ಯಾಹ್ನಕ್ಕೆ ಅದರ ಮಟ್ಟ ಇಳಿದಿರುತ್ತದೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ, ಕೆಲವು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳೂ ಅಂಕ ಇಳಿಸುತ್ತವೆ. ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಒಂದು ಮಾತಂತೂ ಗಟ್ಟಿಯಾಗಿ ಹೇಳುತ್ತೇನೆ. ಅಂಕ ಕಡಿಮೆ ಬಂತು ಅಂತ ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆ ಸಿಲ್ಡೆನಾಫಿಲ್, ಟಡಲಾಫಿಲ್ ತರಬೇಡಿ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇವುಗಳನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಒಮ್ಮೆಗೇ ಕುಸಿದು ಪ್ರಾಣಕ್ಕೆ ಅಪಾಯ. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವವರು ಮೊದಲು ಹೃದಯ ತೋರಿಸಬೇಕು, ಈ ಹಾಳೆ ಆಮೇಲೆ. ಶಿಶ್ನ ಹೊಸದಾಗಿ ಬಾಗಿ ನೋಯುತ್ತಿದ್ದರೆ, ಅಥವಾ ಪೆಟ್ಟು ಬಿದ್ದ ಮೇಲೆ ತೊಂದರೆ ಶುರುವಾಗಿದ್ದರೆ ತಿಂಗಳ ಲೆಕ್ಕಕ್ಕೆ ಕಾಯಬೇಡಿ. ಮಾತ್ರೆ ತೆಗೆದುಕೊಂಡು ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ರಾತ್ರಿ ಎರಡು ಗಂಟೆಯಾಗಿದ್ದರೂ ನಾಚಿಕೆ ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಿ.

ಡಾಕ್ಟರ ಎದುರಿಗೆ ಮಾತು ಹೊರಡದಿದ್ದರೆ ಚಿಂತೆಯಿಲ್ಲ. ಆರು ತಿಂಗಳ ಹಾಳೆ, ನಾಲ್ಕು ವಾರದ ಹಾಳೆಗಳು, ದಿನದ ಸಾಲುಗಳು, ಮೂರನ್ನೂ ಮೇಜಿನ ಮೇಲಿಟ್ಟು "ಇದನ್ನ ನೋಡಿ ಸಾರ್" ಅಂದರೆ ಸಾಕು. ಅಲ್ಲಿಂದ ಮುಂದೆ ಕೇಳುವ ಕೆಲಸ ಅವರದ್ದು.